ಯಾರು ಯಾರಿಗೆ ಏನು ಕೊಡಬೇಕು?

ಹೊಸ ಯೋಜನೆಯ ಮೊದಲ ಸಭೆಯಲ್ಲಿ, ಅಂದರೆ ಕಚೇರಿಗಳಲ್ಲಿ ಕಿಕ್‌ಆಫ್ ಮೀಟಿಂಗ್ ಎಂದು ಕರೆಯುವ ಸಭೆಯಲ್ಲಿ, ಪ್ರಾಜೆಕ್ಟ್ ಮ್ಯಾನೇಜರ್ ಆಡುವ ಮಾತಿಗೆ ಒಂದು ಸಿದ್ಧ ಅಚ್ಚು ಬಂದುಬಿಟ್ಟಿದೆ. ಎಲ್ಲರಿಗೂ ಸ್ವಾಗತ, ಕಂಪನಿಗೆ ಈ ಯೋಜನೆ ಎಷ್ಟು ಮುಖ್ಯ, ಗಡುವು ಇಂಥ ದಿನ, ಒಗ್ಗಟ್ಟಾಗಿ ದುಡಿಯೋಣ. ಒಂದೇ ವಿಭಾಗದವರು ಕೂತಿದ್ದರೆ ಇಷ್ಟು ಸಾಕಾದೀತು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುತ್ತದೆ. ವಿನ್ಯಾಸ, ಸಾಫ್ಟ್‌ವೇರ್, ಲೆಕ್ಕಪತ್ರ, ಕಾನೂನು, ಗ್ರಾಹಕ ಸೇವೆ ಎಂದು ಐದು ಕಡೆಯಿಂದ ಕರೆತಂದ ತಂಡಕ್ಕೆ ಖಂಡಿತ ಸಾಲದು. ಅಂಥ ತಂಡ ಹೆಚ್ಚಾಗಿ ಎಡವುವುದು ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ. ಭಾಷಣದ ಹೆಚ್ಚಿನ ಹೊತ್ತು ಅದಕ್ಕೇ ಮೀಸಲಾಗಬೇಕು.

ನಾಸಾ ಕಳೆದುಕೊಂಡ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯ ಕಥೆಯನ್ನೇ ನೋಡಿ. 1998ರ ಡಿಸೆಂಬರ್‌ನಲ್ಲಿ ಹಾರಿದ ಅದನ್ನು ಕಟ್ಟಿದ್ದು ಲಾಕ್‌ಹೀಡ್ ಮಾರ್ಟಿನ್ ಕಂಪನಿ. ಅದರ ಪಥ ಲೆಕ್ಕ ಹಾಕುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ನೌಕೆಯ ಪುಟ್ಟ ಥ್ರಸ್ಟರ್‌ಗಳು ಉರಿದಾಗಲೆಲ್ಲ ಅದನ್ನು ಎಷ್ಟು ತಳ್ಳಿದವು ಎಂಬ ಲೆಕ್ಕ ಮೊದಲ ತಂಡದ ಸಾಫ್ಟ್‌ವೇರ್‌ನಿಂದ ಎರಡನೆಯ ತಂಡಕ್ಕೆ ಹೋಗಬೇಕಿತ್ತು. ಅದು ನ್ಯೂಟನ್-ಸೆಕೆಂಡ್‌ಗಳಲ್ಲಿರಬೇಕು ಎಂದು ದಾಖಲೆಯಲ್ಲಿ ಬರೆದೂ ಇತ್ತು. ಹೋದದ್ದು ಪೌಂಡ್-ಸೆಕೆಂಡ್‌ಗಳಲ್ಲಿ. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. 1999ರ ಸೆಪ್ಟೆಂಬರ್ 23ರಂದು ಮಂಗಳದ ನೆಲದಿಂದ ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿ.ಮೀ.ವರೆಗೂ ಇಳಿದಿತ್ತು ಎಂದು ಆಮೇಲಿನ ಲೆಕ್ಕ ತೋರಿಸಿತು.

ತನಿಖಾ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಸಂಗತಿ. ಲೆಕ್ಕ ತಾಳೆಯಾಗುತ್ತಿಲ್ಲ ಎಂಬುದು ಪಥ ನೋಡುತ್ತಿದ್ದವರಿಗೆ ತಿಂಗಳುಗಳ ಮೊದಲೇ ಕಂಡಿತ್ತು. ಅವರು ಇಮೇಲ್‌ನಲ್ಲಿ, ಮಾತಿನಲ್ಲಿ ಹೇಳಿದರು. ದೋಷ ದಾಖಲಿಸುವ ಅಧಿಕೃತ ದಾರಿಯಲ್ಲಿ ಅದು ಸರಿಯಾಗಿ ಸಾಗಲಿಲ್ಲ, ಉತ್ತರ ಕೊಡಲೇಬೇಕಾದವರು ಯಾರೂ ಇರಲಿಲ್ಲ. ಜೊತೆಗೆ, ಹಾರಾಟದ ಹೊತ್ತಿನ ಪಥ ತಂಡಕ್ಕೆ ನೌಕೆಯ ಪರಿಚಯವೂ ಸಾಕಷ್ಟಿರಲಿಲ್ಲ.

ಇದನ್ನು ನಮ್ಮ ನಡುವಿನ ಒಂದು ಕೆಲಸಕ್ಕೆ ಇಳಿಸಿ ನೋಡೋಣ. ಒಂದು ಸಹಕಾರಿ ಬ್ಯಾಂಕು ಸಾಲದ ಕಂತು ಕಟ್ಟಲು ಮೊಬೈಲ್ ಆ್ಯಪ್ ಮಾಡಿಸುತ್ತಿದೆ ಎಂದುಕೊಳ್ಳಿ. ಹಲವು ಪೇಮೆಂಟ್ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ: 500 ರೂಪಾಯಿ ಎಂದರೆ 50,000. ಬ್ಯಾಂಕಿನ ಲೆಕ್ಕಪತ್ರ ಇರುವುದು ರೂಪಾಯಿಯಲ್ಲಿ. ಸಾಫ್ಟ್‌ವೇರ್ ಬರೆಯುವವರಿಗೆ ಮೊದಲನೆಯದು, ಲೆಕ್ಕ ನೋಡುವವರಿಗೆ ಎರಡನೆಯದು ಎಷ್ಟು ಸಹಜವೆಂದರೆ ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ದಿನದ ಭಾಷಣದಲ್ಲಿ ಮ್ಯಾನೇಜರ್ ಹೀಗೆ ಹೇಳಬಹುದು: “ನಮಸ್ಕಾರ, ಬನ್ನಿ. ಸಾಫ್ಟ್‌ವೇರ್‌ನವರು ಪ್ರತಿದಿನ ಸಂಜೆ ಲೆಕ್ಕಪತ್ರದವರಿಗೆ ವಸೂಲಿ ಪಟ್ಟಿ ಕೊಡುತ್ತಾರೆ. ಪೈಸೆಯನ್ನು ರೂಪಾಯಿ ಮಾಡಿಯೇ ಕೊಡಬೇಕು, ಅದು ಸಾಫ್ಟ್‌ವೇರ್‌ನವರ ಹೊಣೆ. ಮುಂದಿನ ಸೋಮವಾರ ಹತ್ತು ನಕಲಿ ಪಾವತಿ ಮಾಡಿ, ಎರಡೂ ಕಡೆಯವರು ಒಟ್ಟಿಗೆ ಕೂತು ಮೊತ್ತ ತಾಳೆ ನೋಡಿ. ಅನುಮಾನ ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಹೇಳಿ ಬಿಡಬೇಡಿ, ಸಮಸ್ಯೆಗಳ ಪಟ್ಟಿಯಲ್ಲಿ ಬರೆಯಿರಿ. ಪುರಾವೆ ಇಲ್ಲದಿದ್ದರೂ ಬರೆಯಿರಿ. ಎರಡು ದಿನದೊಳಗೆ ಉತ್ತರ ಕೊಡುವುದು ನನ್ನ ಕೆಲಸ.”

ಇದರಲ್ಲಿ ಸ್ಫೂರ್ತಿಯ ಮಾತು ಒಂದೂ ಇಲ್ಲ. ಆದರೂ ಕೇಳಿದವರಿಗೆ ತಮ್ಮ ಕೆಲಸ ಯಾರಿಗಾಗಿ ಎಂಬುದು ತಿಳಿಯುತ್ತದೆ. ಅದಕ್ಕಿಂತ ಒಳ್ಳೆಯ ಸ್ವಾಗತ ನನಗೆ ಗೊತ್ತಿಲ್ಲ.

ಇನ್ನೊಂದು ಮಾತನ್ನು ಹೆಚ್ಚಿನ ಮ್ಯಾನೇಜರ್‌ಗಳು ಮುಜುಗರದಿಂದ ನುಂಗಿಬಿಡುತ್ತಾರೆ. ಇಂಥ ತಂಡದ ಸದಸ್ಯರಿಗೆ ರಜೆ, ಬಡ್ತಿ, ಸಂಬಳ ಏರಿಕೆ ಎಲ್ಲ ಸಾಮಾನ್ಯವಾಗಿ ತಂತಮ್ಮ ವಿಭಾಗದ ಮುಖ್ಯಸ್ಥರ ಕೈಯಲ್ಲೇ ಇರುತ್ತದೆ. ಲೆಕ್ಕಪತ್ರದವರಿಗೆ ಮಾರ್ಚ್‌ನಲ್ಲಿ ವರ್ಷಾಂತ್ಯದ ಕೆಲಸ ಬಂದರೆ ಆ್ಯಪ್ ಹಿಂದೆ ಬೀಳುವುದು ಖಚಿತ. ವಾರದಲ್ಲಿ ಯಾರು ಎಷ್ಟು ದಿನ ಈ ಯೋಜನೆಗೆ, ಎರಡು ಕೆಲಸ ಒಟ್ಟಿಗೆ ಬಂದಾಗ ಯಾವುದು ಮೊದಲು, ಅದನ್ನು ತೀರ್ಮಾನಿಸುವವರು ಯಾರು ಎಂಬುದನ್ನು ವಿಭಾಗದ ಮುಖ್ಯಸ್ಥರೊಂದಿಗೆ ಮೊದಲೇ ಮಾತಾಡಿಕೊಂಡು ಬಂದು, ಸಾಧ್ಯವಾದರೆ ಅವರ ಎದುರಲ್ಲೇ, ತಂಡಕ್ಕೆ ಹೇಳಬೇಕು. ಅಷ್ಟು ಮಾಡದೆ “ಎಲ್ಲರೂ ಸಹಕರಿಸಿ” ಎಂದರೆ ಇಬ್ಬರು ಮೇಲಧಿಕಾರಿಗಳ ನಡುವಿನ ಜಗ್ಗಾಟವನ್ನು ಕಿರಿಯ ನೌಕರನ ತಲೆಗೆ ಕಟ್ಟಿದಂತೆ. ಅದು ಅನ್ಯಾಯ.

ಭಾಷಣ ಫಲಿಸಿತೇ ಎಂದು ತಿಳಿಯಲು ಚಪ್ಪಾಳೆ ಸಾಕ್ಷಿಯಲ್ಲ. ಮೂರು ದಿನ ಬಿಟ್ಟು ಇಬ್ಬರನ್ನು ಬೇರೆಬೇರೆಯಾಗಿ ಕೇಳಿ: “ವಸೂಲಿ ಪಟ್ಟಿ ಯಾರು ಕೊಡ್ತಾರೆ, ಯಾವ ರೂಪದಲ್ಲಿ?” ಉತ್ತರ ಎರಡಾದರೆ ಅದೇ ವಾರ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಇತ್ಯರ್ಥ ಮಾಡಿ. ಸಾಫ್ಟ್‌ವೇರ್ ಇನ್ನೂ ಬರೆಯದೆ ಇರುವಾಗ ಅದಕ್ಕೆ ಅರ್ಧ ಗಂಟೆ ಸಾಕು. ಗ್ರಾಹಕರ ಖಾತೆಯಿಂದ ಹಣ ಕಡಿತವಾಗಲು ಶುರುವಾದ ಮೇಲೆ ಪ್ರತಿ ತಪ್ಪು ಮೊತ್ತವನ್ನೂ ಹುಡುಕಿ ಮರಳಿಸಬೇಕಾಗುತ್ತದೆ.