ಇಸವಿಯನ್ನು ಮುಚ್ಚಿಟ್ಟರೆ ನೆನಪು ಆಳವಾಗುವುದಿಲ್ಲ

ಆತ್ಮಕಥನವನ್ನು ಕುರಿತ ಚರ್ಚೆಗಳಲ್ಲಿ ಒಂದು ವಾದ ಆಗಾಗ ಕೇಳಿಬರುತ್ತದೆ. ನೆನಪಿಗೆ ಕ್ರಮವಿಲ್ಲ, ಆದ್ದರಿಂದ ನೆನಪಿನ ಬರಹಕ್ಕೂ ಕ್ರಮ ಬೇಕಿಲ್ಲ. ಅಧ್ಯಾಯದ ನಡುವೆ ಇಸವಿಗಳನ್ನು ಇಟ್ಟರೆ ಅದು ಸಾಹಿತ್ಯವಾಗದೆ ಸೇವಾ ಪುಸ್ತಕವಾಗುತ್ತದೆ ಎಂಬುದು ಆ ವಾದ. ಮೊದಲ ಮಾತು ನಿಜ, ಅದರಿಂದ ಎಳೆದ ತೀರ್ಮಾನ ತಪ್ಪು. ಹಿಂದು ಮುಂದಾಗಿ ನೆನೆಯುವುದು ಲೇಖಕನ ಹಕ್ಕು. ಆದರೆ ತಾನು ಯಾವ ವರ್ಷದಲ್ಲಿ ನಿಂತಿದ್ದೇನೆಂದು ಓದುಗನು ತಡಕಾಡುವಂತಾದರೆ ಅದು ನೆನಪಿನ ಆಳವಲ್ಲ, ಬರವಣಿಗೆಯ ದೋಷ.

ಇದಕ್ಕೆ ಧಾರವಾಡದಲ್ಲೇ ಒಳ್ಳೆಯ ನಿದರ್ಶನವಿದೆ. ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಅದು ಲೇಖಕರ ಹುಟ್ಟಿನಿಂದ ಆರಂಭವಾಗುವುದಿಲ್ಲ. 1973ರ ಧಾರವಾಡದಲ್ಲಿ, ಊಟದ ಹೊತ್ತಿನ ಮಾತಿನಲ್ಲಿ, ಈ ಮಗು ಬೇಡವೆಂದು ಒಮ್ಮೆ ಯೋಚಿಸಿದ್ದುಂಟು ಎಂದು ತಾಯಿ ಹೇಳಿಬಿಡುತ್ತಾರೆ. ಪುಣೆಯ ವೈದ್ಯೆಯೊಬ್ಬರ ದವಾಖಾನೆಗೆ ಹೋಗಿ ಕಾದದ್ದು, ವೈದ್ಯೆ ಬಾರದ್ದರಿಂದ ಮರಳಿದ್ದು ಆಗ ತಿಳಿಯುತ್ತದೆ. ಕಾರ್ನಾಡರು ಹುಟ್ಟಿದ್ದು 1938ರಲ್ಲಿ. ಅಂದರೆ ಮೂವತ್ತೈದು ವರ್ಷದ ಮಗನೆದುರು ಅವನು ಹುಟ್ಟುವ ಮುಂಚಿನ ದಿನವೊಂದು ತೆರೆದುಕೊಳ್ಳುತ್ತದೆ. ಈ ಪ್ರಸಂಗದ ಬಲವೆಲ್ಲ ಎರಡು ಕಾಲಗಳ ನಡುವಿನ ಅಂತರದಲ್ಲಿದೆ. 1973 ಎಂಬುದು ಓದುಗನಿಗೆ ತಿಳಿಯದಿದ್ದರೆ, ಮಾತು ಕೇಳುತ್ತಿರುವವನು ಬಾಲಕನೋ ಹೆಸರಾದ ನಾಟಕಕಾರನೋ ಗೊತ್ತಾಗದೆ, ಆ ಆಘಾತವೇ ಇಲ್ಲವಾಗುತ್ತಿತ್ತು. ಇಲ್ಲಿ ಇಸವಿಯು ಭಾವವನ್ನು ಕೆಡಿಸಿಲ್ಲ. ಭಾವವು ನಿಂತಿರುವುದೇ ಇಸವಿಯ ಮೇಲೆ.

ಇಸವಿಯ ಅಂಕಿಯೇ ಬೇಕೆಂಬ ಹಠವೇನೂ ಇಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಬಲಿಗೆಂದು ಹಿಡಿದು ತಂದ ಅಭಯರುಚಿಯು ಮಾರಿದತ್ತನ ಮುಂದೆ ತನ್ನ ಹಿಂದಿನ ಜನ್ಮಗಳನ್ನು ಹೇಳುತ್ತಾನೆ. ಅಷ್ಟು ಭವಗಳ ಹಿನ್ನೋಟದಲ್ಲಿ ಒಂದೂ ಪಂಚಾಂಗದ ಲೆಕ್ಕವಿಲ್ಲ. ಆದರೂ ಓದುಗನು ದಾರಿ ತಪ್ಪುವುದಿಲ್ಲ. ಪ್ರತಿಯೊಂದು ಭವವೂ ಒಂದು ಹುಟ್ಟಿನಿಂದ ತೆರೆದು ಒಂದು ಸಾವಿನಿಂದ ಮುಚ್ಚುತ್ತದೆ. ನವಿಲಾಗಿದ್ದವನು ಮುಂದೆ ಯಾವ ದೇಹದಲ್ಲಿದ್ದಾನೆಂಬುದು ಸ್ಪಷ್ಟವಾಗಿರುತ್ತದೆ. ಕೊನೆಗೆ ಕಥೆಯು ಹೇಳುವವನೂ ಕೇಳುವವನೂ ಇರುವ ಮಾರಿಯ ಗುಡಿಗೇ ಮರಳುತ್ತದೆ. ಪ್ರವೇಶದ ಗುರುತು, ಒಳಗಿರುವಾಗಿನ ಗುರುತು, ಮರಳಿದ ಗುರುತು, ಈ ಮೂರೂ ಇರುವುದರಿಂದಲೇ ಅಷ್ಟು ಸಂಕೀರ್ಣವಾದ ಕಥೆ ನಿಲ್ಲುತ್ತದೆ. ಆತ್ಮಕಥೆಗಾರನಿಗೆ ಬೇಕಾದವೂ ಈ ಮೂರೇ.

ಒಂದು ಕಲ್ಪಿತ ಅಧ್ಯಾಯದಿಂದ ಇದನ್ನು ಪರೀಕ್ಷಿಸಬಹುದು. 1942ರಲ್ಲಿ ಹುಟ್ಟಿದ ಅಧ್ಯಾಪಕನೊಬ್ಬ ಮಾಳಮಡ್ಡಿಯ ಹಳೆಯ ಮನೆಯನ್ನು ಖಾಲಿ ಮಾಡುವ ಪ್ರಸಂಗವನ್ನು ಹೀಗೆ ಬರೆದಿದ್ದಾನೆ ಎಂದಿಟ್ಟುಕೊಳ್ಳಬಹುದು:

“ಅಪ್ಪನ ಟ್ರಂಕು ತೆಗೆದೆ. ಅಂದು ಮೆರವಣಿಗೆಗೆ ಹೋದೆವು. ಅಪ್ಪ ಜೈಲಿನಿಂದ ಬಂದ ದಿನ ಅವ್ವ ಮಾತಾಡಲೇ ಇಲ್ಲ. ಈಗ ಬೀದಿ ಖಾಲಿಯಾಗಿತ್ತು.”

ನಾಲ್ಕೇ ವಾಕ್ಯಗಳಲ್ಲಿ ಮೂರು ಕಾಲಗಳಿವೆ. ‘ಅಂದು’ ಎಂದರೆ ಟ್ರಂಕು ತೆಗೆದ ದಿನವೇ ಎಂದು ಓದುಗ ಭಾವಿಸುತ್ತಾನೆ. ಜೈಲಿನಿಂದ ಬಂದದ್ದು ಮೆರವಣಿಗೆಗೆ ಮುಂಚೆಯೋ ಆಮೇಲೋ ತಿಳಿಯದು. ಕೊನೆಯ ‘ಈಗ’ ಎಂಬುದು ಮೆರವಣಿಗೆ ಮುಗಿದ ಹೊತ್ತೋ, ಮನೆ ಖಾಲಿ ಮಾಡುತ್ತಿರುವ ಹೊತ್ತೋ, ಅಧ್ಯಾಯ ಬರೆಯುತ್ತಿರುವ ಹೊತ್ತೋ ಹೇಳಲಾಗದು. ಅದನ್ನೇ ತಿದ್ದಿದರೆ:

“1987ರ ಬೇಸಿಗೆಯಲ್ಲಿ ಮನೆ ಖಾಲಿ ಮಾಡುವಾಗ ಅಪ್ಪನ ಟ್ರಂಕು ತೆಗೆದೆ. ತಳದಲ್ಲಿ ಒಂದು ಕಾಗದದ ಬಾವುಟವಿತ್ತು. 1956ರ ನವೆಂಬರ್ 1ರಂದು, ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ಅಪ್ಪ ನನ್ನನ್ನು ಮೆರವಣಿಗೆಗೆ ಕರೆದೊಯ್ದಿದ್ದರು. ದಾರಿಯಲ್ಲಿ ಅವರು ಒಂದು ಮಾತೂ ಆಡಲಿಲ್ಲ. 1943ರಲ್ಲಿ ಹಿಂಡಲಗಾ ಜೈಲಿನಿಂದ ಮನೆಗೆ ಬಂದ ದಿನ ಮಾತಿಲ್ಲದೆ ನಿಂತವಳು ಅವ್ವನಂತೆ. ಆಗ ನಾನು ಕೈಗೂಸು, ಇದು ಅವಳೇ ಹೇಳಿದ್ದು. ಬಾವುಟವನ್ನು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟೆ. ಹೊರಗೆ ಬೀದಿ ಖಾಲಿಯಾಗಿತ್ತು.”

ಇಲ್ಲಿ ಆದ ಬದಲಾವಣೆಗಳು ಕೆಲವೇ. ಹಿನ್ನೋಟಕ್ಕೆ ಒಂದು ವಸ್ತುವು ಬಾಗಿಲಾಯಿತು, ಅದೇ ವಸ್ತುವಿನಿಂದ ಬಾಗಿಲು ಮುಚ್ಚಿತು. ಇಸವಿಯ ಜೊತೆಗೆ ವಯಸ್ಸೂ ಬಂದುದರಿಂದ ಓದುಗನು ಕೂಡಿ ಕಳೆಯುವ ಶ್ರಮವಿಲ್ಲ. ‘ಕರೆದೊಯ್ದಿದ್ದರು’ ಎಂಬ ರೂಪವು ಹಿಂದಿನದಕ್ಕೂ ಹಿಂದಿನ ಕಾಲಕ್ಕೆ ಕರೆದೊಯ್ಯುತ್ತದೆ. ಒಳಗೆ ಹೋದ ಮೇಲೆ ‘ಆಡಲಿಲ್ಲ’ ಎಂಬ ಸಾಮಾನ್ಯ ಭೂತಕಾಲ ಸಾಕು. ಪ್ರತಿ ವಾಕ್ಯವೂ ‘ಇದ್ದರು, ಇದ್ದರು’ ಎಂದು ಮುಗಿದರೆ ಗದ್ಯ ಕುಂಟುತ್ತದೆ. ‘ಹದಿಮೂರು ವರ್ಷ ಹಿಂದೆ’ ಎಂದು ಬರೆಯದೆ 1943 ಎಂದದ್ದಕ್ಕೂ ಕಾರಣವಿದೆ: ಹಿನ್ನೋಟದೊಳಗಿನ ಹಿನ್ನೋಟದಲ್ಲಿ ‘ಹಿಂದೆ’ ಎಂಬುದನ್ನು 1956ರಿಂದ ಎಣಿಸಬೇಕೋ 1987ರಿಂದಲೋ ಎಂಬ ಸಂದೇಹ ತಪ್ಪದು. ಮಿಗಿಲಾಗಿ, ಕಾಲವನ್ನು ಗುರುತಿಸಿದೊಡನೆ ಒಂದು ಸತ್ಯ ಹೊರಬಿತ್ತು. ಮೂರನೆಯ ನೆನಪು ಲೇಖಕನದಲ್ಲ, ತಾಯಿಯದು. ಇಸವಿ ಮುಚ್ಚಿದ್ದ ಮೊದಲ ರೂಪದಲ್ಲಿ ಅವನು ತಾನು ಕಾಣದ್ದನ್ನು ಕಂಡವನಂತೆ ಹೇಳಿದ್ದ.

ಸಂಶೋಧಕರಿಗೆ ಈ ವಿಷಯ ಮುಖ್ಯವಾಗುವುದು ಇಲ್ಲಿಯೇ. ಆತ್ಮಕಥೆಯನ್ನು ಅವರು ಆಕರವಾಗಿ ಬಳಸುತ್ತಾರೆ. ಕಾಲ ತಿಳಿಯದ ಹೇಳಿಕೆಯನ್ನು ಬೇರೆ ದಾಖಲೆಯೊಡನೆ ಹೋಲಿಸಲಾಗದು, ತಪ್ಪಿದ್ದರೆ ತಿದ್ದಲೂ ಆಗದು.

‘ಅಂದಿನ ವಸ್ತುಗಳನ್ನು, ಹೆಸರುಗಳನ್ನು ತಂದರೆ ಸಾಕು, ಜಾಣ ಓದುಗ ಕಾಲವನ್ನು ಊಹಿಸುತ್ತಾನೆ’ ಎಂಬ ಇನ್ನೊಂದು ವಾದವಿದೆ. ಧಾರವಾಡದ ಮಟ್ಟಿಗೆ ಇಂಥ ಗುರುತುಗಳು ಹೇರಳ. 1956ರ ಅಕ್ಟೋಬರ್ ಮುಗಿಯುವವರೆಗೆ ಊರು ಮುಂಬಯಿ ರಾಜ್ಯದಲ್ಲಿತ್ತು. ಮರುದಿನದಿಂದ ಮೈಸೂರು ರಾಜ್ಯದಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಯೆ ಪೈಸೆ ಬಂದದ್ದು 1957ರ ಏಪ್ರಿಲ್ 1ರಿಂದ. ಆದರೆ ಈ ಗುರುತುಗಳು ಇಸವಿಗೆ ಸಾಕ್ಷಿಯಾಗಬಲ್ಲವು, ಬದಲಿಯಾಗಲಾರವು. ‘ಮೈಸೂರು ರಾಜ್ಯ’ ಎಂದರೆ ಹದಿನೇಳು ವರ್ಷಗಳಲ್ಲಿ ಯಾವುದಾದರೂ ಒಂದು. ಆಣೆಯನ್ನು ಕಾಣದ ಇಂದಿನ ವಿದ್ಯಾರ್ಥಿಗೆ ಎರಡಾಣೆಯು ಯಾವ ಕಾಲವನ್ನೂ ಸೂಚಿಸದು. ಲೇಖಕನ ಲೆಕ್ಕವನ್ನು ಒರೆಗೆ ಹಚ್ಚಲು ಮಾತ್ರ ಅವು ಬಹಳ ಉಪಯುಕ್ತ. 1956ರ ಮೆರವಣಿಗೆಯಲ್ಲಿ ಹುಡುಗನು ಐದು ನಯೆ ಪೈಸೆಯ ಪೇಪರಮಿಂಟು ಕೊಂಡಿದ್ದರೆ, ಅಲ್ಲಿ ಎರಡು ಬೇರೆ ದಿನಗಳು ಬೆರೆತಿವೆ ಎಂದೇ ಅರ್ಥ.

ಹಸ್ತಪ್ರತಿಯನ್ನು ಪರೀಕ್ಷಿಸುವ ಬಗೆ ಸರಳ. ಪ್ರತಿ ಪರಿಚ್ಛೇದದ ಪಕ್ಕದಲ್ಲಿ ಅದರ ಇಸವಿಯನ್ನೂ ಆಗಿನ ವಯಸ್ಸನ್ನೂ ಸೀಸದ ಕಡ್ಡಿಯಿಂದ ಬರೆಯಬೇಕು. ಆದರೆ ಪಠ್ಯದಲ್ಲಿರುವುದರಿಂದಲೇ ಬರೆಯಬೇಕು, ತಲೆಯಲ್ಲಿರುವುದರಿಂದಲ್ಲ. ಲೇಖಕನಿಗೆ ಇದು ಕಷ್ಟವಾದ್ದರಿಂದ ಮನೆತನದ ಕಥೆ ಅರಿಯದ ಒಬ್ಬರ ಕೈಗೆ ಕೊಡುವುದು ಲೇಸು. ಅವರು ಎಲ್ಲಿ ಖಾಲಿ ಬಿಟ್ಟರೋ, ಎಲ್ಲಿ ತಪ್ಪು ಬರೆದರೋ, ಅಲ್ಲಿ ಒಂದು ಗುರುತು ಬೇಕು. ಉಳಿದೆಡೆ ಬೇಡ, ಕಾಲ ಬದಲಾಗದ ಕಡೆಯಲ್ಲೂ ಇಸವಿ ಬರೆದರೆ ಸೇವಾ ಪುಸ್ತಕವೆಂಬ ಆಕ್ಷೇಪ ನಿಜವಾಗುತ್ತದೆ.

ಇಸವಿಯೇ ನೆನಪಿಲ್ಲದಾಗ ಏನು ಗತಿ? ಸುಳ್ಳು ನಿಖರತೆ ಅಸ್ಪಷ್ಟತೆಗಿಂತಲೂ ಕೆಟ್ಟದ್ದು. ‘ರಾಜ್ಯ ಒಂದಾದ ಮೇಲೆ, ನಾನು ಕಾಲೇಜು ಸೇರುವ ಮುಂಚೆ’ ಎಂದು ಎರಡು ಗೊತ್ತಿರುವ ಅಂಚುಗಳ ನಡುವೆ ಘಟನೆಯನ್ನು ನಿಲ್ಲಿಸಿದರೆ ಪ್ರಾಮಾಣಿಕತೆಯೂ ಉಳಿಯುತ್ತದೆ, ಓದುಗನಿಗೆ ನೆಲವೂ ಸಿಗುತ್ತದೆ. ತನಗೆ ಮರೆತುಹೋಗಿದೆ ಎಂದು ಹೇಳುವ ಲೇಖಕನನ್ನು ಓದುಗನು ನಂಬುತ್ತಾನೆ. ತನಗೆ ಗೊತ್ತಿದ್ದೂ ಓದುಗನಿಂದ ಬಚ್ಚಿಟ್ಟು, ಅದನ್ನೇ ಕಲೆ ಎನ್ನುವವನನ್ನು ನಂಬಬೇಕಾದ ಕಾರಣವಿಲ್ಲ.