ಆಯಿಯ ಚಂಚಿಯೊಳಗಿನ ಅರ್ಧ ಗುಳಿಗಿ

ಗೋಕಾಕ ಫಾಲ್ಸ್‌ನ ಶಾಲೆಯೊಂದರಲ್ಲಿ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಮಾತಾಡಿ ಎಂದು ಹೆಡ್‌ಮಾಸ್ತರರು ಕರೆದಿದ್ದರು. ವಿಷಯ ಅವರೇ ಕೊಟ್ಟಿದ್ದರು: ಔಷಧದ ಲೇಬಲ್ ಓದುವುದು, ದೊಡ್ಡವರ ಗುಳಿಗಿ ಸಣ್ಣವರಿಗೆ ಕೊಡದಿರುವುದು. ಮೂವತ್ತು ವರ್ಷ ಔಷಧದಂಗಡಿ ನಡೆಸಿದವನಿಗೆ ಇದೇನು ಮಹಾ ಎಂದುಕೊಂಡು ಹೋದೆ. ಮಳೆಗಾಲ, ಘಟಪ್ರಭೆ ತುಂಬಿ ಧುಮುಕುತ್ತಿದ್ದಳು. ಆ ಸದ್ದಿನ ಎದುರು ಮೈಕಿನದೇನೂ ನಡೆಯುವಂತಿರಲಿಲ್ಲ. ಭಾಷಣ ಬಿಟ್ಟು ಪ್ರಶ್ನೆ ಕೇಳಿದೆ.

"ನಿಮ್ಮ ಮನ್ಯಾಗ ಗುಳಿಗಿ ಎಲ್ಲಿ ಇಡ್ತಾರ?"

ಟಿವಿ ಮ್ಯಾಲ, ದೇವರ ಜಗಲಿ ಮ್ಯಾಲ, ಅಪ್ಪನ ಅಂಗಿ ಕಿಸೇದಾಗ ಎಂದು ಉತ್ತರಗಳು ಬಂದವು. ಆರನೆಯ ಇಯತ್ತೆಯ ಹುಡುಗಿಯೊಬ್ಬಳು, "ನಮ್ಮ ಆಯಿ ಎಲಿ ಅಡಕಿ ಚಂಚಿಯೊಳಗ ಇಟ್ಕೊಂಡಿರ್ತಾಳ್ರಿ" ಎಂದಳು. ಎಲ್ಲರೂ ನಕ್ಕರು. ತಮ್ಮನಿಗೆ ಜ್ವರ ಬಂದರೆ ಆಯಿ ಏನು ಕೊಡುತ್ತಾಳೆ ಎಂದೆ. "ಅರ್ಧಾ ಗುಳಿಗಿ, ಜೇನುತುಪ್ಪದಾಗ ತೇದು." ತಮ್ಮ ಎಷ್ಟು ದೊಡ್ಡವನು? "ಇನ್ನೂ ಅಂಬೆಗಾಲ ಇಡ್ತಾನ್ರಿ."

ನನ್ನ ಐದು ನಿಮಿಷವೆಲ್ಲ ಆ ಅರ್ಧ ಗುಳಿಗಿಗೇ ಹೋಯಿತು.

ದೊಡ್ಡವರಿಗೆ ಇಡೀ, ಸಣ್ಣವರಿಗೆ ಅರ್ಧ, ಕೂಸಿಗೆ ಕಾಲು. ಇದು ನಮ್ಮ ಮನೆಗಳ ಲೆಕ್ಕ, ರೊಟ್ಟಿ ಹಂಚುವ ಲೆಕ್ಕ. ಔಷಧ ಹಾಗೆ ಹಂಚಿಕೊಳ್ಳುವುದಿಲ್ಲ. ಜ್ವರಕ್ಕೆ ಎಲ್ಲರೂ ಕೊಡುವ ಪ್ಯಾರಾಸಿಟಮಾಲ್ ಅನ್ನು ವೈದ್ಯರು ಮಗುವಿನ ತೂಕ ನೋಡಿ ಬರೆಯುತ್ತಾರೆ. ಒಂದು ಸಲಕ್ಕೆ ಕಿಲೋಗೆ ಹೆಚ್ಚೆಂದರೆ 15 ಮಿಲಿಗ್ರಾಂ. ಅಂಬೆಗಾಲಿಡುವ ಕೂಸು 8 ಕಿಲೋ ಇದ್ದರೆ 120 ಮಿಲಿಗ್ರಾಂ ಆಯಿತು. ಆಯಿಯ ಚಂಚಿಯಲ್ಲಿದ್ದದ್ದು 650ರ ಗುಳಿಗಿಯಾದರೆ ಅದರ ಅರ್ಧ 325. ಬೇಕಾದದ್ದಕ್ಕಿಂತ ಎರಡೂವರೆ ಪಟ್ಟಿಗೂ ಮಿಕ್ಕು. ಮಕ್ಕಳಿಗೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದೆ. ಲೆಕ್ಕ ಅವರಿಗೆ ನನಗಿಂತ ಬೇಗ ಬಂತು.

ಹಾಗಾದರೆ ಬಾಟಲಿ ಔಷಧ ಕೊಟ್ಟರೆ ಸರಿಯೇ? ಅಲ್ಲಿಯೇ ಲೇಬಲ್ ಓದಬೇಕಾದದ್ದು. ಅಂಗಡಿಗೆ ಬರುವವರು ಬಾಟಲಿಯ ಬಣ್ಣ ನೋಡುತ್ತಾರೆ, ಹೆಚ್ಚೆಂದರೆ ಎಕ್ಸ್‌ಪೈರಿ ನೋಡುತ್ತಾರೆ. ನೋಡಲೇಬೇಕಾದ ಸಾಲು ಇನ್ನೊಂದಿದೆ: ‘ಈಚ್ 5 ಎಂಎಲ್ ಕಂಟೇನ್ಸ್’. ಅಂದರೆ 5 ಎಂಎಲ್ ಔಷಧದಲ್ಲಿ ಎಷ್ಟು ಮಿಲಿಗ್ರಾಂ ಮದ್ದಿದೆ ಎಂಬುದು. ಪ್ಯಾರಾಸಿಟಮಾಲ್ ಸಿರಪ್ಪುಗಳಲ್ಲಿ 5 ಎಂಎಲ್‌ಗೆ 120 ಇರುವುದೂ ಉಂಟು, 250 ಇರುವುದೂ ಉಂಟು. ಹಸುಗೂಸುಗಳ ಡ್ರಾಪ್ಸ್ ಬಾಟಲಿ ಇವೆರಡಕ್ಕಿಂತ ಚಿಕ್ಕದು, ಆದರೆ ಅದರಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಚಿಕ್ಕ ಬಾಟಲಿ, ಚಿಕ್ಕ ಕೂಸಿನದು, ಸೌಮ್ಯವೇ ಇರಬೇಕು ಎಂದು ಯಾರಾದರೂ ತಿಳಿಯುತ್ತಾರೆ. ಇರುವುದು ತಿರುವುಮುರುವು. ನಮ್ಮ 8 ಕಿಲೋ ಕೂಸಿಗೆ 120ರ ಸಿರಪ್ ಆದರೆ 5 ಎಂಎಲ್, 250ರದ್ದಾದರೆ ಅರ್ಧಕ್ಕಿಂತ ಕಡಿಮೆ, ಡ್ರಾಪ್ಸ್ ಆದರೆ 1.2 ಎಂಎಲ್. ಅದರ ಪಿಚಕಾರಿಯೋ ಡ್ರಾಪರೋ ಕಳೆದುಹೋಗಿ, ಹಳೆಯ ಸಿರಪ್ಪಿನ ರೂಢಿಯಂತೆ ಆಯಿ 5 ಎಂಎಲ್ ಮುಚ್ಚಳ ತುಂಬಾ ಡ್ರಾಪ್ಸ್ ಹಾಕಿದಳೆಂದರೆ ಒಮ್ಮೆಗೆ 500 ಮಿಲಿಗ್ರಾಂ ಹೋಯಿತು.

ಒಂದು ಸಲ ಹೀಗಾದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಹೆದರಿಸುವುದಕ್ಕಾಗಿ ಸುಳ್ಳು ಹೇಳಬಾರದು. ಆದರೆ ಜ್ವರ ಒಂದೇ ಸಲಕ್ಕೆ ಇಳಿಯುವುದಿಲ್ಲವಲ್ಲ. ದಿನಕ್ಕೆ ನಾಲ್ಕು ಸಲ, ಎರಡು ಮೂರು ದಿನ ಅದೇ ಮುಚ್ಚಳ ನಡೆದರೆ ಹೊಡೆತ ಬೀಳುವುದು ಲಿವರಿಗೆ. ಮೋಸವಿರುವುದೂ ಅಲ್ಲಿಯೇ: ಮೊದಲ ದಿನ ಕೂಸು ಒಂದೆರಡು ಸಲ ಕಾರಿಕೊಂಡೀತು, ಇಲ್ಲವೆ ಏನೂ ಆಗದಂತೆ ಆಡಿಕೊಂಡೀತು. ಲಿವರ್ ಸೋತದ್ದು ಹೊರಗೆ ಕಾಣುವುದು ಎರಡು ಮೂರು ದಿನದ ಮೇಲೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ, ಒಮ್ಮೆಗೆ ಬಹಳ ಹೋದಾಗ ಎಂಟು ತಾಸಿನೊಳಗೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಹೆಚ್ಚು ಹೋಗಿದೆ ಎಂಬ ಅನುಮಾನ ಬಂದಾಗ, ಕೂಸು ನಗುತ್ತಿದ್ದರೂ, ಬಾಟಲಿ ಕೈಯಲ್ಲಿ ಹಿಡಿದು ದವಾಖಾನೆಗೆ ಹೋಗಬೇಕು. ಬಾಟಲಿ ಮರೆತು ಹೋದರೆ ‘ಕೆಂಪು ಔಷಧ’ ಎಂಬುದರಿಂದ ವೈದ್ಯರಿಗೆ ಏನೂ ತಿಳಿಯದು.

ಅರ್ಧ ಗುಳಿಗಿಯಲ್ಲಿ ಇನ್ನೊಂದು ತೊಡಕಿದೆ, ಅದರಲ್ಲಿ ನನ್ನಂಥವರ ಪಾಲೂ ಇದೆ. ಎರಡು ಗುಳಿಗಿ ಕೇಳಿದವರಿಗೆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಟ್ಟವನು ನಾನು. ಹೆಸರು ಒಂದು ತುಂಡಿನಲ್ಲಿ ಉಳಿಯುತ್ತದೆ, ತಾರೀಖು ಇನ್ನೊಂದರಲ್ಲಿ. ಗಿರಾಕಿಯ ಕೈಗೆ ಹೋದದ್ದು ಬರೀ ಬೆಳ್ಳಿ ಕಾಗದ. ಅದು ಆಯಿಯ ಮೈಕೈ ನೋವಿಗೆ ತಂದ ನಿಮೆಸುಲೈಡ್ ಬೆರಸಿದ ಗುಳಿಗಿಯೂ ಆಗಿರಬಹುದು. ಲಿವರಿನ ಅಪಾಯದ ಕಾರಣಕ್ಕೆ ಆ ಮದ್ದನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧ ಹಾಕಿದೆ. ನಿಷೇಧ ಗೆಜೆಟ್‌ನಲ್ಲಿದೆ, ಗುಳಿಗಿ ಚಂಚಿಯಲ್ಲಿದೆ, ಎರಡಕ್ಕೂ ಭೇಟಿಯೇ ಇಲ್ಲ. ನೆಗಡಿಯ ಗುಳಿಗಿ, ನೆಗಡಿಯ ಸಿರಪ್ಪುಗಳದು ಮತ್ತೊಂದು ಕತೆ. ಅಂಥ ಎಷ್ಟೋ ಔಷಧಗಳಲ್ಲಿ ಪ್ಯಾರಾಸಿಟಮಾಲ್ ಬೆರೆತೇ ಇರುತ್ತದೆ. ನೆಗಡಿಗೊಂದು, ಜ್ವರಕ್ಕೊಂದು ಎಂದು ಕೊಟ್ಟದ್ದು ಒಂದೇ ಮದ್ದಿನ ಎರಡು ಪಾಲಾಗುತ್ತದೆ. ಒಂದು ಹೆಸರು ಕಂಪನಿ ಇಟ್ಟದ್ದು, ಇನ್ನೊಂದು ಮದ್ದಿನದು ಎಂದು ಎರಡು ಖಾಲಿ ಬಾಟಲಿ ಎತ್ತಿ ತೋರಿಸಿದಾಗ ಹಿಂದಿನ ಸಾಲಿನವರೂ ಮುಂದೆ ಬಂದರು.

ಹುಡುಗನೊಬ್ಬ ಕೇಳಿದ: "ಸರ್, ಲೇಬಲ್ ಓದಿದ್ರ ಆ ಪೇಪರ್‌ನ್ಯಾಗ ಬಂದಿದ್ದ ಮಕ್ಕಳು ಉಳೀತಿದ್ದರೇನ್ರಿ?" 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಸೋತು ಸತ್ತದ್ದನ್ನು ಅವನು ಕೇಳುತ್ತಿದ್ದ. ಇಲ್ಲ ಎಂದೆ. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟು ಇದ್ದದ್ದು ತಮಿಳುನಾಡಿನ ಪ್ರಯೋಗಾಲಯದಲ್ಲಿ ತಿಳಿಯಿತು. ಅದು ಲೇಬಲ್‌ನಲ್ಲಿ ಬರೆದಿರಲಿಲ್ಲ, ಬರೆಯುವವರೂ ಇಲ್ಲ. ಅದನ್ನು ಹಿಡಿಯುವುದು ಸರ್ಕಾರದ ಕೆಲಸ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬೇಡಿ ಎಂದು ಕೇಂದ್ರದ ಆರೋಗ್ಯ ಇಲಾಖೆ ಆಗ ಹೇಳಿದ್ದನ್ನು ಪಾಲಿಸುವುದು ಮನೆಯವರ ಕೈಯಲ್ಲಿದೆ.

ವಾಪಸು ಬರುವಾಗ ನನಗೆ ಸಿಟ್ಟು ಬಂದದ್ದು ಆಯಿಯ ಮೇಲಲ್ಲ. ಅವಳ ಚಂಚಿಯೊಳಗಿನ ಗುಳಿಗಿಯ ಮೇಲೆ ಒಂದು ಅಕ್ಷರ ಕನ್ನಡವಿಲ್ಲ. ಇಲ್ಲಿ ಗಿರಣಿಯ ಪಾಳಿಗೆ ಹೋದವರ ಮನೆಗಳಲ್ಲಿ, ಮೂಡಲಗಿ ಹುಕ್ಕೇರಿಯ ಕಡೆ ಕಬ್ಬಿನ ಹೊಲಕ್ಕೆ ಹೋದವರ ಮನೆಗಳಲ್ಲಿ ಕೂಸು ಇರುವುದು ಆಯಿಯ ಹತ್ತಿರ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವರು ಆರನೆಯ ಇಯತ್ತೆಯ ಹುಡುಗಿ ಒಬ್ಬಳೇ. ಮದ್ದಿನ ಹೆಸರು, ಪ್ರಮಾಣ, ‘ಮಕ್ಕಳಿಗೆ ಅಲ್ಲ’ ಎಂಬ ಮೂರು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಶಾಯಿ ಬೇಕು? ಅದಾಗುವವರೆಗೆ ಈ ಹುಡುಗಿಯೇ ಓದಬೇಕು. ಓದುವುದಷ್ಟೇ, ಔಷಧ ಕೊಡುವುದು ಅವಳ ಕೆಲಸವಲ್ಲ ಎಂದು ಎರಡು ಸಲ ಹೇಳಿ ಬಂದೆ.

ಮರುವಾರ ಹೆಡ್‌ಮಾಸ್ತರರು ಫೋನ್ ಮಾಡಿದರು. ಆ ಹುಡುಗಿ ಚಂಚಿಯೊಳಗಿನ ಗುಳಿಗಿ ತಂದು ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದಳಂತೆ. ಹೆಸರಿದ್ದ ಕಡೆ ಕತ್ತರಿ ಆಡಿತ್ತು, ಉಳಿದದ್ದು ಎರಡು ಅಕ್ಷರ.