ಇಂಟರ್ನ್‌ಶಿಪ್ ವರದಿಗೆ ಶೇ 10ರ ಮಿತಿ ಇದೆಯೇ? ಯುಜಿಸಿ ನಿಯಮ ಹೇಳುವುದೇ ಬೇರೆ

ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ವರದಿ ಸಲ್ಲಿಸುವ ಹೊತ್ತಿನಲ್ಲಿ ಕಾಡುವ ಪ್ರಶ್ನೆ ಒಂದೇ: ಹೋಲಿಕೆ ಶೇಕಡಾ ಎಷ್ಟು ಬಂತು? ಹತ್ತರೊಳಗಿದ್ದರೆ ನಿರಾಳ, ದಾಟಿದರೆ ಆತಂಕ. ಪದಗಳನ್ನು ಅದಲುಬದಲು ಮಾಡಿ ಸಂಖ್ಯೆ ಇಳಿಸುವ ಕಸರತ್ತು ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಈ ಹತ್ತು ಎಂಬ ಅಂಕಿ ಎಲ್ಲಿಂದ ಬಂತು, ಅದು ಯಾವುದಕ್ಕೆ ಅನ್ವಯಿಸುತ್ತದೆ ಎಂಬುದನ್ನು ಹೆಚ್ಚಿನವರು ನೋಡಿರುವುದಿಲ್ಲ.

ನಿಯಮದಲ್ಲಿ ಏನಿದೆ?

ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಜುಲೈನಲ್ಲಿ ನಿಯಮಾವಳಿ ಹೊರಡಿಸಿತು. ಅದರಲ್ಲಿ ನಾಲ್ಕು ಹಂತಗಳಿವೆ. ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ನೀಡುವ ಗಡುವಿನೊಳಗೆ ತಿದ್ದಿ ಸಲ್ಲಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದುಪಡಿಯ ಪ್ರತಿ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು.

ಇಷ್ಟನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಎಲ್ಲರೂ ಓದಿರುತ್ತಾರೆ. ಓದದೇ ಬಿಡುವುದು ವ್ಯಾಖ್ಯೆಗಳ ಭಾಗವನ್ನು. ಈ ನಿಯಮಾವಳಿ ಅನ್ವಯಿಸುವುದು ಪ್ರಬಂಧ, ಡಿಸರ್ಟೇಶನ್, ಸಂಶೋಧನಾ ಲೇಖನ, ಪುಸ್ತಕದಂತಹ ಬರಹಗಳಿಗೆ, ಅದರಲ್ಲೂ ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗಾಗಿ ಇಲ್ಲವೇ ಪ್ರಕಟಣೆಗಾಗಿ ಸಲ್ಲಿಸುವಂಥವಕ್ಕೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಹೆಸರಿಸಿಯೇ ಹೊರಗಿಡಲಾಗಿದೆ.

ಹಾಗೆಂದು ಪ್ರಾಜೆಕ್ಟ್ ವರದಿಯಲ್ಲಿ ನಕಲು ಮಾಡಬಹುದು ಎಂದಲ್ಲ. ಅಲ್ಲಿ ಮಿತಿ ನಿಗದಿ ಮಾಡುವುದು ಆಯಾ ಕಾಲೇಜು ಅಥವಾ ವಿಶ್ವವಿದ್ಯಾಲಯ. ಒಂದು ಕಡೆ ಶೇ 10 ಇದ್ದರೆ ಇನ್ನೊಂದು ಕಡೆ ಶೇ 20 ಇರಬಹುದು. ಆದ್ದರಿಂದ ಗೆಳೆಯರ ಮಾತು ನಂಬುವ ಮೊದಲು ವಿಭಾಗದ ಕೈಪಿಡಿ ನೋಡುವುದು ಒಳ್ಳೆಯದು. ಸ್ವಂತ ಕೆಲಸವೆಂದು ಸಹಿ ಮಾಡಿದ ಘೋಷಣಾ ಪತ್ರವಂತೂ ಯಾವ ಮಿತಿ ಇದ್ದರೂ ವಿದ್ಯಾರ್ಥಿಯನ್ನು ಕಟ್ಟಿಹಾಕುತ್ತದೆ.

28 ಎಂಬ ಸಂಖ್ಯೆಯ ಒಳಗೆ

ತಂತ್ರಾಂಶ ಅಳೆಯುವುದು ಹೋಲಿಕೆಯನ್ನು, ಕಳ್ಳತನವನ್ನಲ್ಲ. ವರದಿಯ ಪದಸಾಲುಗಳನ್ನು ತನ್ನ ಸಂಗ್ರಹದಲ್ಲಿರುವ ಜಾಲತಾಣ, ನಿಯತಕಾಲಿಕೆ, ಹಳೆಯ ವಿದ್ಯಾರ್ಥಿಗಳ ವರದಿಗಳ ಜೊತೆ ಅದು ಹೊಂದಿಸಿ ನೋಡುತ್ತದೆ. ಹೊಂದಿಕೆಯಾದದ್ದು ತಪ್ಪೋ ಸರಿಯೋ ಎಂದು ಹೇಳಬೇಕಾದವರು ಮಾರ್ಗದರ್ಶಕರು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಪುಣೆಯ ಎಂಬಿಎ ವಿದ್ಯಾರ್ಥಿನಿಯೊಬ್ಬಳು ಸಹಕಾರಿ ಬ್ಯಾಂಕೊಂದರಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮುಗಿಸಿ 10,000 ಪದಗಳ ವರದಿ ಬರೆದಿದ್ದಾಳೆ. ಹೋಲಿಕೆ ಶೇ 28, ಅಂದರೆ 2,800 ಪದ. ಬಣ್ಣ ಹಚ್ಚಿದ ಭಾಗಗಳನ್ನು ಒಂದೊಂದಾಗಿ ಬಿಡಿಸಿದಾಗ ಲೆಕ್ಕ ಹೀಗೆ ಸಿಗುತ್ತದೆ: ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ, ಪರಿವಿಡಿ ಸೇರಿ 600 ಪದ. ಆಕರ ಪಟ್ಟಿ 700 ಪದ. ಕಾಯ್ದೆಯ ಕಲಂಗಳು 300 ಪದ. ಬ್ಯಾಂಕಿನ ಪರಿಚಯ 900 ಪದ. ಉಪಸಂಹಾರದಲ್ಲಿ 300 ಪದ.

ಮೊದಲ ಮೂರು ಸೇರಿದರೆ 1,600 ಪದ. ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಸಂಶೋಧನಾ ಪ್ರಬಂಧಗಳಿಗೇ ಯುಜಿಸಿ ನಿಯಮ ಆಕರ ಪಟ್ಟಿ, ಪರಿವಿಡಿ, ಕೃತಜ್ಞತೆ, ಕಾನೂನಿನ ಪಠ್ಯ ಮತ್ತು ಮೂಲ ಹೆಸರಿಸಿದ ಉದ್ಧರಣೆಗಳನ್ನು ಪರಿಶೀಲನೆಯಿಂದ ಹೊರಗಿಡುತ್ತದೆ. ಆಕರ ಪಟ್ಟಿ ಮತ್ತು ಉದ್ಧರಣೆಗಳನ್ನು ಬಿಟ್ಟು ಎಣಿಸುವ ಆಯ್ಕೆ ಬಹುತೇಕ ತಂತ್ರಾಂಶಗಳಲ್ಲಿದೆ. ಆದರೆ ಉದ್ಧರಣ ಚಿಹ್ನೆ ಹಾಕದಿದ್ದರೆ ಅದು ಉದ್ಧರಣೆ ಎಂದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಕಾಯ್ದೆಯ ಕಲಂ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇದೇ ಕಾರಣಕ್ಕೆ.

ನಿಜವಾದ ತೊಂದರೆ ಇರುವುದು ಉಳಿದ 1,200 ಪದಗಳಲ್ಲಿ. ಬ್ಯಾಂಕಿನ ಪರಿಚಯವನ್ನು ಅದರ ಜಾಲತಾಣದಿಂದ ಎತ್ತಿ ಅಂಟಿಸಲಾಗಿದೆ. ಕೆಲಸ ಮಾಡಿದ ಸಂಸ್ಥೆಯದ್ದೇ ಮಾಹಿತಿ, ಬಳಸಿದರೆ ತಪ್ಪೇನು ಎಂಬ ಭಾವನೆ ಸಾಮಾನ್ಯ. ಮಾಹಿತಿ ಬಳಸಬಹುದು, ಆದರೆ ವಾಕ್ಯಗಳು ಸಂಸ್ಥೆಯವು. ಇನ್ನು ಉಪಸಂಹಾರದ 300 ಪದ ಇಡೀ ವರದಿಯ ಶೇ 3 ಮಾತ್ರ, ಆದರೆ ಅತಿ ಗಂಭೀರವಾದದ್ದು ಅದೇ. ಫಲಿತಾಂಶ, ತೀರ್ಮಾನ, ಶಿಫಾರಸುಗಳಲ್ಲಿ ಹೋಲಿಕೆಯೇ ಇರಬಾರದು ಎಂದು ಯುಜಿಸಿ ಹೇಳುತ್ತದೆ. ಸರ್ವವಿದಿತ ಸಂಗತಿ ಅಥವಾ ಆಕಸ್ಮಿಕವಾಗಿ ಹೊಂದುವ, 14 ಪದ ಮೀರದ ಸಾಲಿಗೆ ಮಾತ್ರ ವಿನಾಯಿತಿ. ಎರಡು ತಿಂಗಳು ಶಾಖೆಯಲ್ಲಿ ಕುಳಿತವಳ ತೀರ್ಮಾನ ಬೇರೆಯವರ ವರದಿಯಿಂದ ಬಂದಿದ್ದರೆ ಆ ವರದಿಗೆ ಅರ್ಥವೇ ಇಲ್ಲ.

ತಿದ್ದುವುದು ಹೇಗೆ?

ಜಾಲತಾಣದಲ್ಲಿ, ‘ನಮ್ಮ ಬ್ಯಾಂಕ್ ಗ್ರಾಹಕರಿಗೆ ಠೇವಣಿ, ಸಾಲ ಹಾಗೂ ಡಿಜಿಟಲ್ ಪಾವತಿ ಸೇವೆಗಳನ್ನು ಒಂದೇ ಸೂರಿನಡಿ ಒದಗಿಸುತ್ತಿದೆ’ ಎಂದಿದೆ ಎಂದುಕೊಳ್ಳಿ. ‘ಒದಗಿಸುತ್ತಿದೆ’ ಬದಲು ‘ನೀಡುತ್ತಿದೆ’, ‘ಒಂದೇ ಸೂರಿನಡಿ’ ಬದಲು ‘ಒಂದೇ ಕಡೆ’ ಎಂದು ಬರೆದರೆ ಸಂಖ್ಯೆ ಇಳಿಯಬಹುದು, ಆದರೆ ವಾಕ್ಯ ಇನ್ನೂ ಬ್ಯಾಂಕಿನದ್ದೇ. ಸರಿಯಾದ ದಾರಿ ಹೀಗಿದೆ: ‘ಠೇವಣಿ, ಸಾಲ, ಡಿಜಿಟಲ್ ಪಾವತಿ ಮೂರೂ ಲಭ್ಯ ಎಂದು ಬ್ಯಾಂಕಿನ ವಾರ್ಷಿಕ ವರದಿ ಹೇಳುತ್ತದೆ. ಅಧ್ಯಯನ ನಡೆದ ಶಾಖೆಯಲ್ಲಿ ಡಿಜಿಟಲ್ ಪಾವತಿಯ ದೂರುಗಳಿಗೆ ಪ್ರತ್ಯೇಕ ಕೌಂಟರ್ ಇರಲಿಲ್ಲ.’ ಇಲ್ಲಿ ಮೂಲ ಯಾವುದು, ವಿದ್ಯಾರ್ಥಿನಿ ಕಂಡದ್ದು ಯಾವುದು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. 900 ಪದಗಳ ಪರಿಚಯ 250 ಪದಗಳಿಗೆ ಇಳಿದರೂ ಓದುವವರಿಗೆ ನಷ್ಟವಿಲ್ಲ.

ಶಾಖಾಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ಮೂಲ ಕೊಡಬೇಕು. ಎಪಿಎ ಪದ್ಧತಿಯಲ್ಲಿ ಇಂಥದ್ದನ್ನು ವೈಯಕ್ತಿಕ ಸಂವಹನ ಎಂದು ದಿನಾಂಕ ಸಮೇತ ಬರಹದ ಒಳಗೇ ನಮೂದಿಸಲಾಗುತ್ತದೆ, ಕೊನೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ತಂತ್ರಾಂಶಕ್ಕೆ ಕಾಣದ್ದು

ಸಂಖ್ಯೆ ಕಡಿಮೆ ಇದ್ದರೆ ವರದಿ ಶುದ್ಧ ಎಂದೂ ಅಲ್ಲ. ಕನ್ನಡ ಪತ್ರಿಕೆಯ ಲೇಖನವನ್ನು ಇಂಗ್ಲಿಷಿಗೆ ಅನುವಾದಿಸಿ ಸೇರಿಸಿದರೆ, ಪದ ಹೊಂದಿಸುವ ತಪಾಸಣೆಗೆ ಅದು ಸಿಗದೇ ಹೋಗಬಹುದು. ಚಿತ್ರವಾಗಿ ಅಂಟಿಸಿದ ಕೋಷ್ಟಕವೂ ಹಾಗೆಯೇ. ಎರಡೂ ಮೂಲ ಹೆಸರಿಸದಿದ್ದರೆ ಕೃತಿಚೌರ್ಯವೇ. ಮೌಖಿಕ ಪರೀಕ್ಷೆಯಲ್ಲಿ ‘ಈ ಅಂಕಿ ಎಲ್ಲಿಂದ ಬಂತು?’ ಎಂಬ ಒಂದೇ ಪ್ರಶ್ನೆಗೆ ಇದು ಬಯಲಾಗುತ್ತದೆ.

ಅಪ್‌ಲೋಡ್ ಮಾಡುವ ಮುನ್ನ

ಕರಡು ಪರಿಶೀಲಿಸಲು ಅಂತರ್ಜಾಲದ ಉಚಿತ ತಾಣಗಳಿಗೆ ವರದಿ ಹಾಕುವವರು ಇದ್ದಾರೆ. ಅಲ್ಲಿ ಬ್ಯಾಂಕಿನ ಸಾಲದ ವಿವರ, ಗ್ರಾಹಕರ ಮಾಹಿತಿ ಇದ್ದರೆ ಅದು ಹೊರಗಿನವರ ಕೈ ಸೇರಿದಂತೆ. ಇಂಟರ್ನ್‌ಶಿಪ್ ಆರಂಭದಲ್ಲಿ ಸಹಿ ಮಾಡಿದ ಗೋಪ್ಯತಾ ಒಪ್ಪಂದವನ್ನೂ ಅದು ಮುರಿಯಬಹುದು. ಕಾಲೇಜು ಗ್ರಂಥಾಲಯದ ಮೂಲಕ ಪರಿಶೀಲಿಸುವುದು ಸುರಕ್ಷಿತ. 2019ರಲ್ಲಿ ಆರಂಭವಾದ ಶೋಧಶುದ್ಧಿ ಯೋಜನೆಯಡಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅನೇಕ ವಿಶ್ವವಿದ್ಯಾಲಯಗಳಿಗೆ ಇಂಥ ತಂತ್ರಾಂಶ ಒದಗಿಸಿದೆ.

ಗ್ರಂಥಾಲಯದಲ್ಲೂ ಒಂದು ಮಾತು ಕೇಳಿಕೊಳ್ಳಬೇಕು: ಕರಡು ಸಂಗ್ರಹಕ್ಕೆ ಸೇರುತ್ತದೆಯೇ? ಸೇರಿದರೆ ಅಂತಿಮ ಪ್ರತಿ ಅದೇ ಕರಡಿನೊಂದಿಗೆ ಹೊಂದಿಕೆಯಾಗಿ ಹೋಲಿಕೆ ಶೇ 90 ದಾಟಬಹುದು. ಕರಡನ್ನು ಸಂಗ್ರಹಿಸದೆ ಪರಿಶೀಲಿಸುವಂತೆ ಮೊದಲೇ ಕೋರಿದರೆ, ತನ್ನದೇ ಬರಹವನ್ನು ಕದ್ದ ಆರೋಪಕ್ಕೆ ವಿದ್ಯಾರ್ಥಿ ಉತ್ತರ ಕೊಡುವ ಪ್ರಮೇಯ ಬರುವುದಿಲ್ಲ.